ಅತಿತರಬೇತಿ: ಗುರುತಿಸುವ ಕ್ರಮ ಮತ್ತು ವಿಶ್ರಾಂತಿಯ ನಿರ್ಧಾರ

ಅತಿತರಬೇತಿ ಎಂದರೆ ಅಭ್ಯಾಸದ ಹೊರೆಗೆ ತಕ್ಕಷ್ಟು ವಿಶ್ರಾಂತಿ, ನಿದ್ದೆ ಮತ್ತು ಆಹಾರ ಬಹುಕಾಲ ಸಿಗದೆ, ಅಭ್ಯಾಸ ಮುಂದುವರಿಸಿದಷ್ಟೂ ಕ್ರೀಡಾಪಟುವಿನ ಸಾಮರ್ಥ್ಯ ಕುಗ್ಗುತ್ತ ಹೋಗುವ ಸ್ಥಿತಿ. ಬೆಳಗಿನ ನಾಡಿಬಡಿತದ ಏರಿಕೆ, ಕೆಟ್ಟ ನಿದ್ದೆ, ಕಾಲಿನ ಜಡತೆ ಇವು ಇದರ ಪ್ರಚಲಿತ ಮುನ್ಸೂಚನೆಗಳು. ಉಪಕರಣವಿಲ್ಲದೆ ಮನೆಯಲ್ಲೇ ಗಮನಿಸಬಹುದಾದ ಕಾರಣ, ಕ್ರೀಡಾ ವೈದ್ಯರು ದೂರವಿರುವ ಊರುಗಳಲ್ಲಿ ಇವಕ್ಕೆ ಹೆಚ್ಚಿನ ಬಳಕೆಯಿದೆ. ಆದರೆ ಮೂರರಲ್ಲಿ ಯಾವುದೂ ಒಂಟಿಯಾಗಿ ಸಾಕ್ಷಿಯಾಗಲಾರದು. ಈ ಲೇಖನವು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಮಧ್ಯಮ ಮತ್ತು ದೂರದ ಓಟಗಾರರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ.

ಪರಿಕಲ್ಪನೆಯ ಬೆಳವಣಿಗೆ

ಒತ್ತಡಕ್ಕೆ ಒಳಗಾದ ಜೀವಿ ಮೊದಲು ಬೆದರಿ, ಆಮೇಲೆ ಹೊಂದಿಕೊಂಡು, ಒತ್ತಡ ತೀರದಿದ್ದರೆ ಕೊನೆಗೆ ಬಳಲಿ ಸೋಲುತ್ತದೆ ಎಂಬ ವಿವರಣೆಯನ್ನು ಹ್ಯಾನ್ಸ್ ಸೆಲ್ಯೆ 1936ರಲ್ಲಿ ಮುಂದಿಟ್ಟರು. ಕ್ರೀಡಾ ತರಬೇತಿಯ ಶಾಸ್ತ್ರ ಇದನ್ನು ತನ್ನ ತಳಹದಿಯಾಗಿ ತೆಗೆದುಕೊಂಡಿತು. ಅಭ್ಯಾಸವು ಶಕ್ತಿಯನ್ನು ಕುಗ್ಗಿಸುತ್ತದೆ. ಅದನ್ನು ಹಿಂದಿಗಿಂತ ಎತ್ತರಕ್ಕೆ ಏರಿಸುವುದು ಅಭ್ಯಾಸದ ನಂತರದ ವಿಶ್ರಾಂತಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಲಿಯಂ ಮಾರ್ಗನ್ ಮತ್ತು ಸಂಗಡಿಗರು ಈಜುಗಾರರನ್ನು ವರ್ಷಗಟ್ಟಲೆ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ, ಅಭ್ಯಾಸದ ಹೊರೆ ಏರಿದಂತೆ ಮನಃಸ್ಥಿತಿ ಕೆಡುವುದನ್ನೂ ಹೊರೆ ಇಳಿದಾಗ ಅದು ಸುಧಾರಿಸುವುದನ್ನೂ ತೋರಿಸಿತು. 1998ರಲ್ಲಿ ಕಾರ್ಲ್ ಫಾಸ್ಟರ್ ದಿನದ ಹೊರೆಯನ್ನು ಅಳೆಯುವ ಸುಲಭ ಕ್ರಮವೊಂದನ್ನು ಅತಿತರಬೇತಿಗೆ ಅನ್ವಯಿಸಿದರು. ಯುರೋಪಿಯನ್ ಕ್ರೀಡಾ ವಿಜ್ಞಾನ ಕಾಲೇಜು ಮತ್ತು ಅಮೆರಿಕನ್ ಕ್ರೀಡಾ ವೈದ್ಯಕೀಯ ಕಾಲೇಜು 2013ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯಿಂದ ಇಂದಿನ ವರ್ಗೀಕರಣ ನೆಲೆಗೊಂಡಿತು.

ಹಂತಗಳು

ಈ ವರ್ಗೀಕರಣದಲ್ಲಿ ಮೂರು ಹಂತಗಳಿವೆ. ಅವನ್ನು ಬೇರ್ಪಡಿಸುವುದು ದಣಿವಿನ ತೀವ್ರತೆಯಲ್ಲ, ಚೇತರಿಕೆಗೆ ಹಿಡಿಯುವ ಕಾಲ. ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ತೀರಿ, ಆಮೇಲೆ ಮೊದಲಿಗಿಂತ ಉತ್ತಮ ಸಾಮರ್ಥ್ಯ ಕೊಡುವುದು ಫಲದಾಯಕ ಅತಿಶ್ರಮ. ತರಬೇತುದಾರರು ಇದನ್ನು ಬೇಕೆಂದೇ ಉಂಟುಮಾಡುತ್ತಾರೆ. ವಾರಗಳಿಂದ ತಿಂಗಳವರೆಗೆ ಸಾಮರ್ಥ್ಯ ತಗ್ಗಿ, ಕೊನೆಗೆ ಹಳೆಯ ಮಟ್ಟಕ್ಕಷ್ಟೇ ಮರಳುವುದು ನಿಷ್ಫಲ ಅತಿಶ್ರಮ. ತಿಂಗಳುಗಟ್ಟಲೆ ಬಿಡುವು ಕೊಟ್ಟರೂ ಸರಿಹೋಗದೆ, ಮನಸ್ಸು, ಹಸಿವು, ರೋಗನಿರೋಧಕ ಶಕ್ತಿಗಳನ್ನೂ ಬಾಧಿಸುವುದು ಅತಿತರಬೇತಿ ಲಕ್ಷಣಕೂಟ. ಕೊನೆಯದು ವಿರಳ. ಶಾಲಾ ಕಾಲೇಜು ಮಟ್ಟದಲ್ಲಿ ಕಾಣುವುದು ಬಹುಪಾಲು ಮೊದಲೆರಡು ಹಂತಗಳೇ.

ಇದರಿಂದ ಒಂದು ತೊಡಕೂ ಹುಟ್ಟುತ್ತದೆ. ಓಟಗಾರ ದಣಿದು ನಿಂತ ದಿನ ಆತ ಯಾವ ಹಂತದಲ್ಲಿದ್ದಾನೆ ಎಂದು ಯಾರೂ ಹೇಳಲಾರರು. ವಿಶ್ರಾಂತಿ ಕೊಟ್ಟು, ಎಷ್ಟು ದಿನಕ್ಕೆ ಚೇತರಿಸಿದ ಎಂದು ನೋಡಿದ ಮೇಲೆಯೇ ಹಂತ ತಿಳಿಯುತ್ತದೆ. ರೋಗವನ್ನು ನಿಶ್ಚಯಿಸುವ ರಕ್ತಪರೀಕ್ಷೆಯೊಂದು ಇಂದಿಗೂ ಇಲ್ಲ. ಬೇರೆ ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕಿದ ಬಳಿಕ ಉಳಿಯುವ ನಿರ್ಣಯವಿದು. ವಿಶ್ರಾಂತಿ ಇಲ್ಲಿ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು.

ಪ್ರಾದೇಶಿಕ ಹಿನ್ನೆಲೆ

ಮೂರೂ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಮಳೆಗಾಲದ ನಡುವಿನಿಂದ ಆರಂಭವಾಗುತ್ತವೆ. ಒಂದೊಂದು ಮೆಟ್ಟಿಲಿಗೂ ನಡುವೆ ಕೆಲವೇ ವಾರಗಳ ಅಂತರವಿರುವುದರಿಂದ, ಗೆದ್ದವರಿಗೆ ಬಿಡುವು ಸಿಗದು. ಓಟದಲ್ಲಿ ಮುಂದಿರುವ ವಿದ್ಯಾರ್ಥಿ ಕಬಡ್ಡಿ, ಖೋ ಖೋ ತಂಡಗಳಲ್ಲೂ ಇರುವುದು ಸಾಮಾನ್ಯ. ಆಗ ಒಬ್ಬೊಬ್ಬ ತರಬೇತುದಾರರೂ ತಮ್ಮ ಪಾಲಿನ ಹೊರೆಯನ್ನು ಮಾತ್ರ ಬಲ್ಲರು, ಒಟ್ಟು ಹೊರೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಸೈನ್ಯ ಮತ್ತು ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುವ ಯುವಕರದು ಇನ್ನೊಂದು ಬಗೆ. ಅರ್ಜಿ ಕರೆದ ಮೇಲೆ ಅಭ್ಯಾಸ ಶುರುಮಾಡಿ, ತಿಂಗಳುಗಳ ಕೆಲಸವನ್ನು ಕೆಲವು ವಾರಗಳಲ್ಲಿ ತುಂಬುವ ಕಾರಣ ಇವರಲ್ಲಿ ಅತಿಶ್ರಮ ಬೇಗ ಕಾಣಿಸುತ್ತದೆ.

ಯಲ್ಲಾಪುರ ಮತ್ತು ಸುತ್ತಲಿನ ತಾಲ್ಲೂಕುಗಳ ಸಿದ್ದಿ ಸಮುದಾಯದಿಂದ ಓಟಗಾರರನ್ನು ಆರಿಸಿ ತರಬೇತಿ ಕೊಡುವ ಯೋಜನೆಯನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ನಡೆಸಿತ್ತು. 1990ರ ದಶಕದಲ್ಲಿ ಅದು ನಿಂತಿತು. ಆಯ್ಕೆಯಲ್ಲಿ ಸಹಜ ಸಾಮರ್ಥ್ಯಕ್ಕೆ ಒತ್ತು ಕೊಟ್ಟ ಈ ಪ್ರಯತ್ನದ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಸಾಮರ್ಥ್ಯ ಎಷ್ಟೇ ಸಹಜವಾಗಿದ್ದರೂ ಚೇತರಿಕೆಯ ನಿಯಮ ಬದಲಾಗದು ಎಂಬುದು ಮಾತ್ರ ಅಂಥ ಬರವಣಿಗೆಯಲ್ಲಿ ಅಪರೂಪ.

ಭೂಗುಣದ ಪ್ರಭಾವವನ್ನೂ ಸರಿಯಾದ ಅಳತೆಯಲ್ಲಿ ನೋಡಬೇಕು. ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 500ರಿಂದ 650 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರ ವಿಶ್ರಾಂತ ನಾಡಿಯನ್ನು ಏರಿಸುವುದಿಲ್ಲ. ಹೊರೆ ಹೆಚ್ಚಿಸುವುದು ನೆಲದ ಏರಿಳಿತ. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಓಟ ಡಾಂಬರು ರಸ್ತೆಗೆ ಸರಿಯುತ್ತದೆ, ಇಲ್ಲಿನ ರಸ್ತೆಗಳು ಸಮತಟ್ಟಾಗಿ ಹೆಚ್ಚು ದೂರ ಹೋಗುವುದಿಲ್ಲ. ಹಗುರ ಓಟ ಎಂದು ಬರೆದಿಟ್ಟದ್ದು ಹೀಗೆ ತಿಳಿಯದಂತೆ ಮಧ್ಯಮ ಹೊರೆಯ ಓಟವಾಗುತ್ತದೆ.

ಬೆಳಗಿನ ನಾಡಿ

ನಾಡಿಯನ್ನು ಎಚ್ಚರವಾದ ಮೇಲೆ, ಹಾಸಿಗೆಯಲ್ಲಿ ಮಲಗಿದ್ದಂತೆಯೇ, ಚಹಾ ಕುಡಿಯುವ ಮೊದಲು ಎಣಿಸಬೇಕು. ಅಲಾರಾಂ ಸದ್ದಿಗೆ ಬೆಚ್ಚಿ ಎದ್ದ ತಕ್ಷಣದ ಬಡಿತ ಹೆಚ್ಚಿರುವುದರಿಂದ ಎರಡು ನಿಮಿಷ ಸುಮ್ಮನೆ ಮಲಗಿರುವುದು ಅಗತ್ಯ. ತೋರುಬೆರಳು ಮತ್ತು ನಡುಬೆರಳನ್ನು ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿಟ್ಟು ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಲ್ಲಿ ಒಂದು ಬಡಿತ ತಪ್ಪಿದರೆ ಫಲಿತಾಂಶದಲ್ಲಿ ನಾಲ್ಕು ಬಡಿತಗಳ ವ್ಯತ್ಯಾಸ ಬರುತ್ತದೆ. ಹುಡುಕುತ್ತಿರುವ ಬದಲಾವಣೆಯೇ ಐದು ಬಡಿತಗಳಷ್ಟಿರುವಾಗ ಅಂಥ ಎಣಿಕೆಯಿಂದ ಪ್ರಯೋಜನವಿಲ್ಲ. ಕೈಗಡಿಯಾರದ ಸಂವೇದಕ ಬಳಸುವವರು ಹಗಲಿನ ಅಂಕಿಗಿಂತ ರಾತ್ರಿಯ ಕನಿಷ್ಠ ಬಡಿತವನ್ನು ನೋಡುವುದು ಮೇಲು.

ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಅಂಕಿ ಎಂಬುದಿಲ್ಲ. ದೂರದ ಓಟಗಾರನಿಗೆ 48 ಸಹಜವಿರಬಹುದು, ಅದೇ ತಂಡದ ಇನ್ನೊಬ್ಬನಿಗೆ 62 ಸಹಜ. ಹಾಗಾಗಿ ಹಗುರ ಅಭ್ಯಾಸದ ಕಾಲದಲ್ಲಿ ಎರಡು ವಾರ ಪ್ರತಿದಿನ ಎಣಿಸಿ, ಆ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ಬರುವ ಎರಡರ ಸರಾಸರಿಯನ್ನು ಆ ವ್ಯಕ್ತಿಯ ಮೂಲನಾಡಿ ಎಂದು ಗೊತ್ತುಮಾಡುತ್ತಾರೆ. ದಿನದಿಂದ ದಿನಕ್ಕೆ ಮೂರು ನಾಲ್ಕು ಬಡಿತಗಳ ಏರಿಳಿತ ಸಹಜ. ಮೂಲನಾಡಿಗಿಂತ ಐದು ಅಥವಾ ಹೆಚ್ಚು ಬಡಿತಗಳ ಏರಿಕೆ ಸತತ ಮೂರು ಬೆಳಗು ಕಂಡರೆ ಅದನ್ನು ಸೂಚನೆಯಾಗಿ ಪರಿಗಣಿಸುವುದು ಬಳಕೆಯ ನಿಯಮ. ಇದು ಅನುಭವದಿಂದ ಬಂದ ಗಡಿಯೇ ಹೊರತು ಪ್ರಯೋಗಾಲಯ ನಿಗದಿ ಮಾಡಿದ್ದಲ್ಲ.

ಏರಿಕೆಗೆ ಕಾರಣ, ಹೊರೆಯನ್ನು ಎದುರಿಸಲು ಎಚ್ಚರಗೊಂಡ ಅನುವೇದನಾ ನರವ್ಯೂಹ ರಾತ್ರಿಯೂ ತಣ್ಣಗಾಗದೆ ಉಳಿಯುವುದು. 20 ದಿನಗಳಲ್ಲಿ ಸುಮಾರು 500 ಕಿಲೋಮೀಟರ್ ಓಡಿದ ಮ್ಯಾರಥಾನ್ ಓಟಗಾರರ ಬೆಳಗಿನ ನಾಡಿ ಸುಮಾರು 10 ಬಡಿತಗಳಷ್ಟು ಏರಿದ್ದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು, ಈ ಸೂಚನೆ ಜನಪ್ರಿಯವಾಗಲು ಅದೂ ಒಂದು ಕಾರಣ. ಆದರೆ 2008ರಲ್ಲಿ ಲೊರಾಂ ಬೋಸ್ಕೆ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಎರಡು ವಾರದೊಳಗಿನ ಅತಿಹೊರೆಯಲ್ಲಿ ಮಾತ್ರ ನಾಡಿ ಮಧ್ಯಮ ಪ್ರಮಾಣದಲ್ಲಿ ಏರುವುದು, ಹೊರೆ ಅದಕ್ಕಿಂತ ದೀರ್ಘವಾದಾಗ ಏರಿಕೆ ಕಾಣದಿರುವುದು ತಿಳಿಯಿತು. ದೂರದ ಓಟಗಾರರಲ್ಲಿ ದೀರ್ಘಕಾಲದ ಅತಿತರಬೇತಿ ನಾಡಿಯನ್ನು ಸಹಜಕ್ಕಿಂತ ನಿಧಾನಗೊಳಿಸುವುದೂ ಉಂಟು. ಆದ್ದರಿಂದ ಏರಿದ ನಾಡಿ ಎಚ್ಚರಿಕೆಯಾಗಬಹುದು, ಏರದ ನಾಡಿ ಅಭಯವಾಗದು. ಮೂರು ಸೂಚನೆಗಳಲ್ಲಿ ಅಳೆಯಲು ಅತಿ ಸುಲಭವಾದದ್ದೇ ನಂಬಲು ಅತಿ ದುರ್ಬಲವಾದದ್ದು.

ಅಭ್ಯಾಸಕ್ಕೆ ಸಂಬಂಧವಿಲ್ಲದ ಏರಿಕೆಗಳೂ ಇವೆ. ಮಾರ್ಚ್‌ನಿಂದ ಮೇವರೆಗಿನ ಸೆಕೆ, ನೀರಿನ ಕೊರತೆ, ರಾತ್ರಿ ತಡವಾಗಿ ಮಾಡಿದ ಭಾರಿ ಊಟ, ಪರೀಕ್ಷೆಯ ಆತಂಕ ಇವೆಲ್ಲ ನಾಡಿಯನ್ನು ಏರಿಸುತ್ತವೆ. ಮಹಿಳೆಯರಲ್ಲಿ ಋತುಚಕ್ರದ ಎರಡನೆಯ ಅರ್ಧದಲ್ಲಿ ಕೆಲವು ಬಡಿತಗಳ ಏರಿಕೆ ಸಹಜ. ಅವರ ದಾಖಲೆಯಲ್ಲಿ ಮುಟ್ಟಿನ ದಿನಾಂಕಗಳೂ ಇದ್ದರೆ ತಪ್ಪು ಓದಿಗೆ ಅವಕಾಶ ಕಡಿಮೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದು ಅಭ್ಯಾಸಕ್ಕೆ ತಕ್ಕ ಆಹಾರ ಸಿಗುತ್ತಿಲ್ಲ ಎಂಬ ಪ್ರತ್ಯೇಕ ಸೂಚನೆಯಾಗಿರಬಹುದು, ವೈದ್ಯರಿಗೆ ತಿಳಿಸಬೇಕು.

ನಿದ್ದೆ

ಅತಿಶ್ರಮದ ನಿದ್ದೆಗೇಡಿನ ಲಕ್ಷಣ ವಿಚಿತ್ರ: ಮೈ ದಣಿದಿರುತ್ತದೆ, ನಿದ್ದೆ ಮಾತ್ರ ಹತ್ತುವುದಿಲ್ಲ. ಹತ್ತಿದರೂ ರಾತ್ರಿ ಎರಡು ಮೂರರ ಹೊತ್ತಿಗೆ ಎಚ್ಚರವಾಗಿ, ಎದೆ ಬಡಿತ ಕಿವಿಗೆ ಕೇಳಿಸುವಂತೆ, ಮತ್ತೆ ನಿದ್ದೆ ಬಾರದೆ ಹೊರಳಾಡುವಂತಾಗುತ್ತದೆ. ಬೆಳಗ್ಗೆ ಏಳುವಾಗ ಹಿಂದಿನ ಸಂಜೆಯ ದಣಿವೇ ಉಳಿದಿರುತ್ತದೆ. ಸ್ನಾಯುಗಳ ನೋವು, ಸಂಜೆ ತಡವಾಗಿ ಮಾಡಿದ ಬಿರುಸಿನ ಅಭ್ಯಾಸ, ಸಾಲದ ಊಟದಿಂದ ನಡುರಾತ್ರಿ ಆಗುವ ಹಸಿವು ಇವೂ ಸೇರಿಕೊಳ್ಳುತ್ತವೆ.

ಈ ಮೂರು ತಾಲ್ಲೂಕುಗಳಲ್ಲಿ ನಿದ್ದೆ ಬಾರದ್ದನ್ನೂ ನಿದ್ದೆ ಬಿಟ್ಟದ್ದನ್ನೂ ಬೇರೆಬೇರೆಯಾಗಿ ಬರೆಯುವುದು ಮುಖ್ಯ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡಲಾಗದ ಕಾರಣ ಸುಲಿಯುವ ಕೆಲಸ ರಾತ್ರಿಗೂ ಮುಂದುವರಿಯುತ್ತದೆ, ಮನೆಮಂದಿಯೆಲ್ಲ ಅದರಲ್ಲಿ ಕೈಜೋಡಿಸುತ್ತಾರೆ. ಇಡೀ ರಾತ್ರಿಯ ಯಕ್ಷಗಾನ ಪ್ರದರ್ಶನಗಳ ಕಾಲವೂ ಬಹುಮಟ್ಟಿಗೆ ಅದೇ. ಹೀಗೆ ನಿದ್ದೆ ಬಿಟ್ಟ ಓಟಗಾರನ ಬೆಳಗಿನ ನಾಡಿ ಏರಿದ್ದರೆ ಅದಕ್ಕೆ ಅಭ್ಯಾಸ ಕಾರಣವಲ್ಲ. ಆದರೂ ದೇಹಕ್ಕೆ ಸಿಗಬೇಕಾದ ಚೇತರಿಕೆ ಸಿಕ್ಕಿಲ್ಲ ಎಂಬುದು ಎರಡರಲ್ಲೂ ಸಮಾನ. ಮರುದಿನದ ಹೊರೆ ಇಳಿಸಬೇಕಾದದ್ದೂ ಸಮಾನ. ವ್ಯತ್ಯಾಸ ಪರಿಹಾರದಲ್ಲಿದೆ. ಬಿಟ್ಟ ನಿದ್ದೆ ಒಂದೆರಡು ರಾತ್ರಿಯಲ್ಲಿ ತೀರುತ್ತದೆ. ಬೇಗ ಮಲಗಿಯೂ ಬಾರದ ನಿದ್ದೆಗೆ ಅಭ್ಯಾಸವನ್ನೇ ಇಳಿಸಬೇಕಾಗುತ್ತದೆ.

ದಾಖಲೆಗೆ ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಬಾರಿ ಎಚ್ಚರವಾಯಿತು ಮತ್ತು ಎದ್ದಾಗಿನ ಚೈತನ್ಯಕ್ಕೆ 1ರಿಂದ 5ರೊಳಗಿನ ಒಂದು ಅಂಕ ಸಾಕು. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾವೈದ್ಯರ ಶಿಫಾರಸು. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬೆಳಗಿನ ಅಭ್ಯಾಸಕ್ಕೆ ಬರುವ ವಿದ್ಯಾರ್ಥಿಗೆ ಇಷ್ಟು ನಿದ್ದೆ ದಕ್ಕುವುದು ಕಷ್ಟ. ಅಂಥವರಿಗೆ ವಾರದಲ್ಲಿ ಕೆಲವು ದಿನ ಬೆಳಗಿನ ಅಭ್ಯಾಸ ಬಿಟ್ಟು ಸಂಜೆಯದನ್ನಷ್ಟೇ ಉಳಿಸುವುದು, ಬೇರೆ ಯಾವ ಉಪಾಯಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಕಾಲಿನ ಜಡತೆ

ಕಾಲಿನ ಜಡತೆ ಎಂದರೆ ನೋವಿಲ್ಲದೆಯೂ ಕಾಲು ಭಾರವಾಗಿ, ನೆಲದಿಂದ ಪುಟಿಯುವ ಗುಣ ಕಳೆದುಕೊಳ್ಳುವುದು. ಇದನ್ನು ಸ್ನಾಯುನೋವಿನಿಂದ ಪ್ರತ್ಯೇಕಿಸಬೇಕು. ಅರಬೈಲು ಅಥವಾ ದೇವಿಮನೆ ಘಟ್ಟದಂಥ ಇಳಿಜಾರಿನಲ್ಲಿ ಓಡಿದ ಮರುದಿನ ತೊಡೆಯ ಮುಂಭಾಗ ನೋಯತೊಡಗಿ, ಎರಡನೆಯ ದಿನ ಹೆಚ್ಚಿ, ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಎಳೆಯಲ್ಪಡುತ್ತಲೇ ಭಾರ ತಡೆಯಬೇಕಾದ್ದರಿಂದ ಅದರ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುವುದು ಇದಕ್ಕೆ ಕಾರಣ. ಒತ್ತಿದರೆ ನೋವು, ದಿನ ಕಳೆದಂತೆ ಕಡಿಮೆ, ಇದು ಸ್ನಾಯುನೋವಿನ ಗುರುತು. ಒತ್ತಿದರೆ ನೋವಿಲ್ಲ, ದಿನ ಕಳೆದರೂ ಭಾರ ಇಳಿಯದು, ಇದು ಜಡತೆಯ ಗುರುತು.

ಜಡತೆಗೆ ಮೊದಲ ಕಾರಣ ಸ್ನಾಯುವಿನಲ್ಲಿ ಶೇಖರವಾಗಿರುವ ಗ್ಲೈಕೊಜೆನ್ ಬರಿದಾಗುವುದು. ಒಂದು ದೀರ್ಘ ಅಥವಾ ಬಿರುಸಿನ ಅಭ್ಯಾಸದ ನಂತರ ಅದು ಮತ್ತೆ ತುಂಬಲು, ಅನ್ನ, ರೊಟ್ಟಿ, ಬಾಳೆಹಣ್ಣಿನಂಥ ಪಿಷ್ಟದ ಆಹಾರ ಸಾಕಷ್ಟಿದ್ದರೂ 24ರಿಂದ 48 ಗಂಟೆ ಹಿಡಿಯುತ್ತದೆ. ದಿನವೂ ಬಿರುಸಾಗಿ ಓಡಿದರೆ ಶೇಖರಣೆ ದಿನದಿನಕ್ಕೂ ತಗ್ಗುತ್ತದೆ. ಡೇವಿಡ್ ಕಾಸ್ಟಿಲ್ 1988ರಲ್ಲಿ ಪ್ರಕಟಿಸಿದ ಈಜುಗಾರರ ಅಧ್ಯಯನದಲ್ಲಿ, 10 ದಿನ ಅಭ್ಯಾಸ ಹೆಚ್ಚಿಸಿದಾಗ ಅದನ್ನು ತಾಳಲಾರದೆ ಹೋದವರು ಪಿಷ್ಟವನ್ನು ಸಾಕಷ್ಟು ತಿನ್ನದವರೇ. ಆದ್ದರಿಂದ ಜಡತೆ ಕಂಡಾಗ ಮೊದಲ ಪ್ರಶ್ನೆ ಊಟದ್ದು. ಎರಡು ದಿನ ಹೊಟ್ಟೆತುಂಬ ಉಂಡು, ಹಗುರಾಗಿ ಓಡಿ, ಕಾಲು ಏಳುವುದಾದರೆ ಅದು ಅತಿತರಬೇತಿಯಲ್ಲ.

ಮೈದಾನದಲ್ಲಿ ಜಡತೆಯನ್ನು ಪರೀಕ್ಷಿಸುವ ಸರಳ ಕ್ರಮ, 15 ನಿಮಿಷ ಹಗುರಾಗಿ ಓಡಿ ನೋಡುವುದು. ಸಾಮಾನ್ಯ ದಣಿವಿನ ಕಾಲು ಅಷ್ಟರಲ್ಲಿ ಬಿಡಿಸಿಕೊಳ್ಳುತ್ತದೆ. ಅತಿಶ್ರಮದ ಕಾಲು ಬಿಸಿಯೇರಿದ ಮೇಲೂ ಹಾಗೆಯೇ ಇರುತ್ತದೆ. ಶಾಲೆಯ ಗೋಡೆಯ ಪಕ್ಕ ನಿಂತು, ಸೀಮೆಸುಣ್ಣ ಹಿಡಿದ ಕೈಯಿಂದ ಜಿಗಿದು ಗುರುತು ಮಾಡಿ, ಮೂರು ಜಿಗಿತಗಳಲ್ಲಿ ಎತ್ತರದ್ದನ್ನು ವಾರಕ್ಕೊಮ್ಮೆ ಬರೆದಿಡುವುದು ಇನ್ನೊಂದು ಕ್ರಮ.

ಗಡಿಯಾರ ಮತ್ತು ನಾಡಿ ಎರಡನ್ನೂ ನೋಡುವ ತರಬೇತುದಾರರಿಗೆ ಇನ್ನೂ ಸ್ಪಷ್ಟ ಗುರುತೊಂದು ಸಿಗುತ್ತದೆ. ಬೆಳಗಿನ ನಾಡಿ ಏರಿರುವ ಅದೇ ಓಟಗಾರನ ಬಿರುಸಿನ ಓಟದ ಕೊನೆಯ ನಾಡಿ ಎಂದಿಗಿಂತ ಕಡಿಮೆಯಿರುತ್ತದೆ. ಓಟ ನಿಧಾನವಾಗಿದೆ, ಶ್ರಮ ಹೆಚ್ಚೆನಿಸುತ್ತಿದೆ, ಹೃದಯ ಮಾತ್ರ ಹಿಂದಿನಷ್ಟು ಎತ್ತರಕ್ಕೆ ಹೋಗುತ್ತಿಲ್ಲ. ಇದನ್ನು ಸೋಮಾರಿತನವೆಂದು ತಿಳಿದು ಇನ್ನಷ್ಟು ಓಡಿಸುವುದೇ ಅತಿಶ್ರಮವನ್ನು ನಿಷ್ಫಲ ಹಂತಕ್ಕೆ ತಳ್ಳುವ ಸಾಮಾನ್ಯ ತಪ್ಪು.

ಪ್ರತ್ಯೇಕಿಸಬೇಕಾದ ಕಾಯಿಲೆಗಳು

ಏರಿದ ನಾಡಿ, ಕೆಟ್ಟ ನಿದ್ದೆ, ಭಾರವಾದ ಕಾಲು ಈ ಮೂರೂ ಜ್ವರದ ಆರಂಭದಲ್ಲೂ ಕಾಣುತ್ತವೆ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 10ರಷ್ಟು ಏರುತ್ತದೆ. ಆದ್ದರಿಂದ ನಾಡಿ ಏರಿದ ಬೆಳಗ್ಗೆ ಥರ್ಮಾಮೀಟರು ಇಡುವುದು ಮೊದಲ ಹೆಜ್ಜೆ.

ಈ ಭಾಗದಲ್ಲಿ ಎರಡು ಜ್ವರಗಳನ್ನು ವಿಶೇಷವಾಗಿ ನೆನಪಿಡಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸಿದ್ದಾಪುರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನ ಕಡಿತದಿಂದ ಹರಡುವ ಇದು ಸಿದ್ದಾಪುರ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಇದರ ಕಾಲ, ಕಾಡಿನ ದಾರಿಯಲ್ಲಿ ಓಡುವವರಿಗೂ ಅದೇ ಅನುಕೂಲದ ಕಾಲ. ಹಠಾತ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಇದರ ಆರಂಭ. ಜ್ವರದ ಪ್ರಮಾಣಕ್ಕೆ ತಕ್ಕಂತೆ ನಾಡಿ ಏರದೆ ನಿಧಾನವಾಗಿಯೇ ಇರುವುದೂ ಈ ಕಾಯಿಲೆಯಲ್ಲಿ ಉಂಟು. ನಾಡಿಯನ್ನಷ್ಟೇ ನಂಬಿದವರು ಇಲ್ಲಿ ಮೋಸಹೋಗುತ್ತಾರೆ. ಮಳೆಗಾಲದ ಇಲಿಜ್ವರದಲ್ಲಿ ಮೀನಖಂಡದ ನೋವು ಎದ್ದು ಕಾಣುತ್ತದೆ, ಕೆಸರುಗದ್ದೆಗೆ ಇಳಿದ ಓಟಗಾರ ಅದನ್ನು ಅಭ್ಯಾಸದ ನೋವೆಂದೇ ತಿಳಿಯಬಹುದು. ಜ್ವರವಿರುವಾಗ ಓಡಿದರೆ ಹೃದಯದ ಸ್ನಾಯುವಿಗೆ ಉರಿಯೂತ ತಗಲುವ ಅಪಾಯವಿದೆ. ಆ ದಿನ ಹಗುರ ಓಟಕ್ಕೂ ಅವಕಾಶವಿಲ್ಲ.

ನಿಧಾನವಾಗಿ ಬೆಳೆಯುವ ದಣಿವಿಗೆ ರಕ್ತಹೀನತೆ ಇನ್ನೊಂದು ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಓಟಗಾರ್ತಿಯ ಕಾಲು ವಾರಗಟ್ಟಲೆ ಜಡವಾಗಿದ್ದರೆ ಅತಿತರಬೇತಿ ಎಂದು ತೀರ್ಮಾನಿಸುವ ಮುನ್ನ ಹಿಮೋಗ್ಲೋಬಿನ್ ನೋಡಿಸಬೇಕು. ಥೈರಾಯ್ಡ್ ದೋಷವೂ ಇದೇ ವೇಷದಲ್ಲಿ ಬರಬಹುದು.

ಹೊರೆಯ ಲೆಕ್ಕ

ಫಾಸ್ಟರ್ ಕ್ರಮದಲ್ಲಿ ಅಭ್ಯಾಸ ಮುಗಿದು ಅರ್ಧ ಗಂಟೆಯ ನಂತರ ಓಟಗಾರ ತನಗಾದ ಶ್ರಮಕ್ಕೆ 0ಯಿಂದ 10ರೊಳಗೆ ಅಂಕ ಕೊಡುತ್ತಾನೆ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ದಿನದ ಹೊರೆ. 50 ನಿಮಿಷ, ಶ್ರಮ 7 ಎಂದಾದರೆ ಹೊರೆ 350. ವಾರದ ಸರಾಸರಿ ಹೊರೆಯನ್ನು ದಿನದಿನದ ಹೊರೆಗಳ ಪ್ರಮಾಣ ವಿಚಲನೆಯಿಂದ ಭಾಗಿಸಿದಾಗ ಬರುವುದು ಏಕತಾನತೆಯ ಅಂಕ. ಬಿರುಸಿನ ದಿನ ನಿಜಕ್ಕೂ ಬಿರುಸಾಗಿ, ಹಗುರ ದಿನ ನಿಜಕ್ಕೂ ಹಗುರಾಗಿದ್ದರೆ ಈ ಅಂಕ ಕಡಿಮೆ. ಎಲ್ಲ ದಿನವೂ ಒಂದೇ ಬಗೆಯಾದರೆ ಹೆಚ್ಚು. ಇದು 2 ದಾಟಿದ ವಾರಗಳಲ್ಲಿ, ಅದರಲ್ಲೂ ಒಟ್ಟು ಹೊರೆಯೂ ಹೆಚ್ಚಿದ್ದಾಗ, ಕಾಯಿಲೆ ಬೀಳುವ ಸಂಭವ ಹೆಚ್ಚು ಎಂಬುದು ಫಾಸ್ಟರ್ ಗಮನಿಸಿದ ಸಂಗತಿ.

ವಿಶ್ರಾಂತಿಯ ನಿರ್ಧಾರ

ಒಂದೇ ಸೂಚನೆ ಒಂದು ದಿನ ಕಂಡರೆ ಅಭ್ಯಾಸ ಎಂದಿನಂತೆ ಆರಂಭಿಸಿ, 15 ನಿಮಿಷದ ಹಗುರ ಓಟದ ಬಳಿಕ ಮುಂದಿನದನ್ನು ತೀರ್ಮಾನಿಸುವುದು ಸರಿ. ಎರಡು ಸೂಚನೆಗಳು ಎರಡು ದಿನ ಒಟ್ಟಿಗೆ ಕಂಡರೆ ಬಿರುಸಿನ ಅಭ್ಯಾಸ ರದ್ದು. ಅದರ ಬದಲು ಅರ್ಧ ಗಂಟೆಯ ಹಗುರ ಓಟ ಅಥವಾ ಬಿಡುವು. ಮೂರೂ ಸೂಚನೆಗಳು ಮೂರು ದಿನ ನಿಂತು, ಓಟದ ಸಮಯವೂ ಕೆಟ್ಟಿದ್ದರೆ ಎರಡು ಮೂರು ದಿನ ಪೂರ್ಣ ವಿಶ್ರಾಂತಿ, ಆಮೇಲೆ ನಾಡಿ ಮೂಲಕ್ಕೆ ಮರಳುವವರೆಗೆ ಹಗುರ ಓಟ. ಇಲ್ಲಿ ನಿರ್ಣಾಯಕವಾದದ್ದು ಸಾಮರ್ಥ್ಯದ ಇಳಿಕೆ. ಸೂಚನೆಗಳಿದ್ದೂ ಓಟ ಎಂದಿನಂತಿದ್ದರೆ ಕಾಯಬಹುದು, ಓಟ ಕೆಟ್ಟಿದ್ದರೆ ನಾಡಿ ಎಷ್ಟೇ ಶಾಂತವಾಗಿದ್ದರೂ ಕಾಯಬಾರದು. ಎರಡು ವಾರದ ಹಗುರ ಅಭ್ಯಾಸದ ನಂತರವೂ ಚೇತರಿಕೆ ಕಾಣದಿದ್ದರೆ ವೈದ್ಯರ ಪರೀಕ್ಷೆ ಆಗಬೇಕು. ಎದೆನೋವು, ತಲೆಸುತ್ತಿ ಬೀಳುವುದು, ಬಡಿತ ತಾಳ ತಪ್ಪುವುದು ಇವು ಕಂಡರೆ ಅದೇ ದಿನ ಹೋಗಬೇಕು.

ಕ್ರೀಡಾಕೂಟದ ದಿನಾಂಕ ಹತ್ತಿರವಿದ್ದಾಗ ಈ ನಿಯಮವನ್ನು ಮುರಿಯುವ ಒತ್ತಡ ಹೆಚ್ಚು. ಆದರೆ ಓಟಕ್ಕೆ ಹತ್ತು ದಿನ ಉಳಿದಿರುವಾಗ ಮಾಡಿದ ಬಿರುಸಿನ ಅಭ್ಯಾಸದ ಲಾಭ ಆ ಓಟದೊಳಗೆ ಪೂರ್ತಿ ಕೈಸೇರುವುದಿಲ್ಲ, ದಣಿವು ಮಾತ್ರ ಕೈಸೇರುತ್ತದೆ. ಕೊನೆಯ ಹತ್ತು ದಿನ ಬಿಡುವು ಹೆಚ್ಚಿಸಿದವರು ಕಳೆದುಕೊಳ್ಳುವುದು ಅತ್ಯಲ್ಪ.

ಮಾದರಿ ದಾಖಲೆ

ಕ್ರಮವನ್ನು ವಿವರಿಸಲು ರಚಿಸಿದ ಉದಾಹರಣೆಯಿದು. ಸಿದ್ದಾಪುರ ತಾಲ್ಲೂಕಿನ 17 ವರ್ಷದ 1500 ಮೀಟರ್ ಓಟಗಾರನ ಮೂಲನಾಡಿ 54. ಸಾಮಾನ್ಯ ವಾರದಲ್ಲಿ ಅವನಿಗೆ ಮೂರು ಭಾರದ ದಿನ, ಮೂರು ಹಗುರ ದಿನ, ಒಂದು ಬಿಡುವು. ವಾರದ ಹೊರೆ 1280, ಏಕತಾನತೆ 1.3. ಆರು ಬಾರಿ 400 ಮೀಟರನ್ನು 90 ಸೆಕೆಂಡುಗಳ ಬಿಡುವಿನಲ್ಲಿ ತಲಾ 74 ಸೆಕೆಂಡಿಗೆ ಓಡುತ್ತಾನೆ, ಕೊನೆಯ ನಾಡಿ 188.

ಜುಲೈಯಲ್ಲಿ ತಾಲ್ಲೂಕು ಕೂಟ ಸಮೀಪಿಸಿದಾಗ ಬಿಡುವಿನ ದಿನ ಹೋಯಿತು. ಏಳೂ ದಿನ 250ರಿಂದ 420ರೊಳಗಿನ ಹೊರೆ, ವಾರದ ಒಟ್ಟು 2410, ಏಕತಾನತೆ 4.7. ಅದೇ ವಾರ ಮನೆಯ ಗದ್ದೆಯಲ್ಲಿ ನಾಟಿ. ಎರಡು ಮಧ್ಯಾಹ್ನ ತಲಾ ಎರಡು ಗಂಟೆ, ಶ್ರಮ 4 ಎಂದು ಹಿಡಿದರೂ ಇನ್ನೂ 960. ಇದು ಅಭ್ಯಾಸದ ದಾಖಲೆಪುಸ್ತಕದಲ್ಲಿ ಇಲ್ಲ. ನಿಜವಾದ ಹೊರೆ 3370, ಸಾಮಾನ್ಯ ವಾರದ ಎರಡೂವರೆ ಪಟ್ಟಿಗಿಂತ ಹೆಚ್ಚು.

ಆ ವಾರದ ಬೆಳಗಿನ ನಾಡಿ ಕ್ರಮವಾಗಿ 54, 55, 54, 57, 56, 58, 58. ಸಹಜದ ಗಡಿಯೊಳಗೇ ಇದ್ದರೂ ಒಂದೇ ದಿಕ್ಕಿಗೆ ಸರಿಯುತ್ತಿದೆ. ಮುಂದಿನ ಸೋಮವಾರ 59, ಮಂಗಳವಾರ 60, ಬುಧವಾರ 61. ಭಾನುವಾರದಿಂದಲೇ ರಾತ್ರಿ ಮೂರಕ್ಕೆ ಎಚ್ಚರ. ಮಂಗಳವಾರದ 400 ಮೀಟರ್‌ಗಳು 75, 77, 79. ಶ್ರಮ 9, ಕಾಲು ಭಾರ ಎನ್ನುತ್ತಾನೆ, ನಾಡಿ 176 ದಾಟುವುದಿಲ್ಲ. ಮೂರನೆಯದರ ನಂತರ ಅಭ್ಯಾಸ ನಿಲ್ಲಿಸಲಾಯಿತು. ಬುಧವಾರ ಬೆಳಗ್ಗೆ ಮೈಯ ಬಿಸಿ ಸಹಜ, ಮೀನಖಂಡ ಒತ್ತಿದರೆ ನೋವಿಲ್ಲ. ಜ್ವರದ ಶಂಕೆ ದೂರವಾಗಿ, ಮೂರು ಸೂಚನೆಗಳ ಜೊತೆ ಸಾಮರ್ಥ್ಯದ ಇಳಿಕೆಯೂ ಖಚಿತವಾಯಿತು.

ಬುಧವಾರ, ಗುರುವಾರ ಗದ್ದೆ ಕೆಲಸವೂ ಸೇರಿ ಪೂರ್ಣ ಬಿಡುವು. ಶುಕ್ರವಾರದಿಂದ ಭಾನುವಾರದವರೆಗೆ 25 ನಿಮಿಷದ ಹಗುರ ಓಟ, ಬೆಳಗಿನ ಅಭ್ಯಾಸ ಇಲ್ಲ, ಊಟ ಹೆಚ್ಚು. ಗುರುವಾರದಿಂದ ನಾಡಿ 59, 57, 56, 55, ಸೋಮವಾರ 54. ಮಂಗಳವಾರ ಪರೀಕ್ಷೆಗೆಂದು ಮೂರು 400 ಮೀಟರ್: 74, 74, 73, ಕೊನೆಯ ನಾಡಿ 186. ಒಂದು ವಾರದೊಳಗೆ ಚೇತರಿಸಿದ್ದರಿಂದ ಇದು ಫಲದಾಯಕ ಅತಿಶ್ರಮದ ಹಂತದಲ್ಲೇ ತಡೆಯಲ್ಪಟ್ಟಂತಾಯಿತು. ಆ ವಾರದ ಹೊರೆಯನ್ನು 1000ಕ್ಕೆ ಮಿತಗೊಳಿಸಿ, ಮರುವಾರ 1280ಕ್ಕೆ ಮರಳಬಹುದು. ನಾಡಿ ಇಳಿದರೂ 400 ಮೀಟರ್ ಸಮಯ ಸುಧಾರಿಸದೆ ಹೋಗಿದ್ದರೆ ಹಗುರ ಓಟ ಇನ್ನೂ ಒಂದು ವಾರ ಮುಂದುವರಿಯಬೇಕಿತ್ತು.

ಪ್ರಸ್ತುತ ಸ್ಥಿತಿ

ಹೃದಯ ಬಡಿತಗಳ ನಡುವಿನ ಅಂತರದ ಏರುಪೇರನ್ನು ಅಳೆಯುವ ಕೈಗಡಿಯಾರಗಳು ಈಗ ಮಾರುಕಟ್ಟೆಯಲ್ಲಿವೆ. ಒಂದು ದಿನದ ಅಂಕಿಗಿಂತ ಏಳು ದಿನಗಳ ಸರಾಸರಿ ಇವುಗಳಲ್ಲಿ ಹೆಚ್ಚು ನಂಬಲರ್ಹ. ಆದರೆ 2016ರಲ್ಲಿ ಪ್ರಕಟವಾದ, ಆನಾ ಸಾ ಮತ್ತು ಸಂಗಡಿಗರ ವ್ಯವಸ್ಥಿತ ಪರಿಶೀಲನೆಯು ಕ್ರೀಡಾಪಟುಗಳು ತಾವೇ ಹೇಳುವ ದಣಿವು, ಮನಃಸ್ಥಿತಿ, ಒತ್ತಡಗಳ ಅಂಕಗಳು ಹೊರೆಯ ಬದಲಾವಣೆಯನ್ನು ಉಪಕರಣದ ಅಳತೆಗಳಿಗಿಂತ ಚೆನ್ನಾಗಿ ಹಿಡಿಯುತ್ತವೆ ಎಂದು ತೋರಿಸಿದೆ. ಇದು ಫಲಿಸಬೇಕಾದರೆ ಓಟಗಾರ ನಿಜ ಹೇಳಬೇಕು. ದಣಿವು ಒಪ್ಪಿಕೊಂಡರೆ ತಂಡದಿಂದ ಹೊರಬೀಳುವ ಭಯವಿದ್ದಲ್ಲಿ ಪುಸ್ತಕದ ಅಂಕಗಳು ಸದಾ ಚೆನ್ನಾಗಿಯೇ ಇರುತ್ತವೆ. ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲಾಗಲಿ ಹಳ್ಳಿಯ ಶಾಲಾ ಮೈದಾನದಲ್ಲಾಗಲಿ ಇದಕ್ಕೆ ಬೇಕಾದ ಸಲಕರಣೆ ಒಂದು ನೋಟ್‌ಪುಸ್ತಕ, ಒಂದು ಗಡಿಯಾರ, ಒಂದು ಥರ್ಮಾಮೀಟರು. ದಿನಕ್ಕೆ ಒಂದು ಸಾಲು: ನಾಡಿ, ನಿದ್ದೆ, ಕಾಲು, ಹೊರೆ, ಮತ್ತು ಮನೆಯ ಕೆಲಸ.